ಕೀಹೋಲ್ ಪಥ: ಎರಡು ಅಂಚುಗಳು ಏಕೆ ರದ್ದಾಗುವುದಿಲ್ಲ?

ಸಹಪ್ರಶಿಕ್ಷಣಾರ್ಥಿಗಳಿಗೆ ಮಾಡಿದ ಅಭ್ಯಾಸ ಪಾಠಕ್ಕೆ ನಾನು ಆರಿಸಿಕೊಂಡ ಅನುಕಲ ಇದು:

I = ∫₀^∞ dx / (√x (1 + x))

"ಎರಡು ಅಂಚುಗಳಲ್ಲಿ ವಿರುದ್ಧ ದಿಕ್ಕಿಗೆ ಸಾಗುತ್ತೇವೆ. ಅವು ರದ್ದಾಗಬೇಕಲ್ಲವೇ?" ಎಂಬ ಪ್ರಶ್ನೆ ಬಂತು. ಪಾಠವೆಲ್ಲ ಅದರ ಉತ್ತರವೇ.

ಧನ ಅಕ್ಷದ ಮೇಲೆ ಬ್ರಾಂಚ್ ಕಟ್ ಇಟ್ಟು, ಕೋನವನ್ನು 0 ಯಿಂದ 2π ವರೆಗೆ ಎಣಿಸಿದೆವು. ಮೇಲಂಚಿನಲ್ಲಿ √z = √x. ಸುತ್ತಿ ಬಂದು ಕೆಳಂಚು ತಲುಪಿದಾಗ ಕೋನ 2π; ವರ್ಗಮೂಲದಲ್ಲಿ ಅದು ಅರ್ಧವಾಗಿ π ಆಗುತ್ತದೆ, ಹಾಗಾಗಿ √z = −√x. ದಿಕ್ಕಿನ ಋಣವೂ ಮೂಲದ ಋಣವೂ ಸೇರಿ ಧನವಾಗಿ, ಅಂಚುಗಳ ಮೊತ್ತ 2I. ದೊಡ್ಡ ಮತ್ತು ಚಿಕ್ಕ ವೃತ್ತಗಳ ಪಾಲು ಸೊನ್ನೆಗೆ ಇಳಿಯುತ್ತದೆ.

z = −1 ರಲ್ಲಿ ಕೋನ π, √z = i, ರೆಸಿಡ್ಯೂ 1/i = −i. ಆದ್ದರಿಂದ

2I = 2πi(−i) = 2π, I = π.

ಅಲ್ಲಿ ಕೋನವನ್ನು −π ಎಂದು ಹಿಡಿದರೆ ಉತ್ತರ −π ಬರುತ್ತದೆ. ಧನ ಫಲನದ ಅನುಕಲ ಋಣವಾಗದು. ತಪ್ಪು ಅಲ್ಲೇ ಸಿಗುತ್ತದೆ. x = t² ಎಂದು ಆದೇಶಿಸಿ ತಾಳೆ ನೋಡಿದರೂ π.