ನಿಜಾಮರ ಕಾಲದ ಅಂಚೆಚೀಟಿ: ಅಸಲಿಯೋ, ಮರುಮುದ್ರಣವೋ, ನಕಲಿಯೋ?

ಯಲಬುರ್ಗಾ ತಾಲ್ಲೂಕಿನ ಬೇವೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಅಂಚೆಚೀಟಿ ಇದ್ದವು. ಹೀಗಾಗಿ ಬೇವೂರು, ಕುಷ್ಟಗಿ, ಗಂಗಾವತಿ ಕಡೆಯ ಹಳೆಯ ಮನೆಗಳ ಟ್ರಂಕುಗಳಲ್ಲಿ ಉರ್ದು ಅಕ್ಷರದ ಚೀಟಿಗಳು ಇಂದಿಗೂ ಸಿಗುತ್ತವೆ. 1915ರ ಚೀಟಿಗಳ ಮೇಲೆ ಅಂಚೆ ಮತ್ತು ರಸೀದಿ ಎರಡಕ್ಕೂ ಸಲ್ಲುತ್ತದೆಂಬ ಬರಹವೇ ಇದೆ. ಆದ್ದರಿಂದ ಕಾಗದಪತ್ರಗಳ ಜೊತೆಗೆ ಸಾಲದ ರಸೀದಿಗಳ ಮೇಲೂ ಅವು ಕಂಡರೆ ಅಚ್ಚರಿಯಿಲ್ಲ.

ಇಂಥ ಚೀಟಿಯನ್ನು ಪರೀಕ್ಷಿಸುವಾಗ ಎರಡು ಬಗೆಯ ಸಂಶಯಗಳನ್ನು ಬೇರೆಬೇರೆ ಇಡಬೇಕು. ಮರುಮುದ್ರಣವೆಂದರೆ ಅಸಲಿ ಅಚ್ಚಿನಿಂದಲೇ ಆಮೇಲೆ ತೆಗೆದ ಪ್ರತಿ. ಅದರ ಚಿತ್ರದಲ್ಲಿ ತಪ್ಪು ಹುಡುಕಿ ಪ್ರಯೋಜನವಿಲ್ಲ. ಹಲ್ಲು ಮತ್ತು ಕಾಗದವೇ ಅದನ್ನು ಹಿಡಿದುಕೊಡುತ್ತವೆ. ನಕಲಿ ಹಾಗಲ್ಲ. ಹಲ್ಲನ್ನು ಯಾರು ಬೇಕಾದರೂ ಹೊಡೆಯಬಹುದು, ಮುದ್ರಣದ ರೀತಿಯನ್ನು ಅನುಕರಿಸುವುದು ಕಷ್ಟ.

ಮೊದಲು: ಬಿಡಿಸಬೇಡಿ, ತೊಳೆಯಬೇಡಿ

ಕಾಗದಕ್ಕೆ ಅಂಟಿದ ಚೀಟಿಯನ್ನು ಹಾಗೇ ಬಿಡಿ. ಲಕೋಟೆಯ ಮೇಲಿನ ಅಂಚೆ ಮುದ್ರೆ, ತಾರೀಖು, ವಿಳಾಸಗಳೇ ಅರ್ಧ ಸಾಕ್ಷಿ. ಬಿಡಿ ಚೀಟಿಯಾದರೆ ಕೈಯಿಂದ ಮುಟ್ಟದೆ ತುದಿ ಚೂಪಿಲ್ಲದ ಚಿಮಟದಿಂದ ಎತ್ತಿ. ಭೂತಗನ್ನಡಿ, ಮಿಲಿಮೀಟರ್ ಪಟ್ಟಿ, ಕಪ್ಪು ಕಾಗದ, ನೋಟು ಪರೀಕ್ಷಿಸುವ ನೀಲಿ ಬೆಳಕಿನ ಟಾರ್ಚ್ ಇದ್ದರೆ ಕೆಲಸ ಸಾಗುತ್ತದೆ. ಭೂತಗನ್ನಡಿ ಹತ್ತುಪಟ್ಟು ಹಿಗ್ಗಿಸಿ ತೋರಿಸುವಂತಿರಲಿ.

ಹಂತ 1: ಹಲ್ಲು ಎಣಿಸುವುದು

ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಬರುತ್ತವೆ ಎಂಬುದೇ ಹಲ್ಲಿನ ಅಳತೆ. ಅಂಗಡಿಯಲ್ಲಿ ಸಿಗುವ ಅಳತೆಪಟ್ಟಿಯ ಮೇಲೆ ಬೇರೆಬೇರೆ ಅಳತೆಯ ಚುಕ್ಕೆಸಾಲುಗಳಿರುತ್ತವೆ. ಚೀಟಿಯ ಅಂಚನ್ನು ಒಂದೊಂದೇ ಸಾಲಿಗೆ ಹಿಡಿದು, ಮೊದಲ ತೂತಿನಿಂದ ಕೊನೆಯ ತೂತಿನವರೆಗೆ ಎಲ್ಲವೂ ಚುಕ್ಕೆಗಳಿಗೆ ಸರಿಯಾಗಿ ಕೂಡುವ ಸಾಲನ್ನು ಹುಡುಕಬೇಕು.

ಸಂಸ್ಥಾನದ ಮೊಟ್ಟಮೊದಲ ಚೀಟಿಯನ್ನೇ ನೋಡಿ: 1869ರ ಒಂದಾಣೆ, ಆಲಿವ್ ಹಸಿರು ಬಣ್ಣದ್ದು. ಅದರ ಅಚ್ಚನ್ನು ಕೆತ್ತಿದ್ದು ಲಂಡನ್ನಿನ ನಿಸ್ಸೆನ್ ಅಂಡ್ ಪಾರ್ಕರ್. ಅಸಲಿಯ ಅಳತೆ 11½. ಆದರೆ 1880ರಲ್ಲಿ ಇದನ್ನೂ 1870ರ ಅರ್ಧಾಣೆ, ಎರಡಾಣೆ ಚೀಟಿಗಳನ್ನೂ ಬಿಳಿ ಕಾಗದದ ಮೇಲೆ ಮರುಮುದ್ರಿಸಿದರು. ಅವುಗಳ ಅಳತೆ 12½. ಅಸಲಿಗೆ ಇಲ್ಲದ ಬಣ್ಣಗಳಲ್ಲೂ ಕೆಲವನ್ನು ತೆಗೆದರು.

ಅಳತೆಪಟ್ಟಿ ಇಲ್ಲದಿದ್ದರೂ ಈ ವ್ಯತ್ಯಾಸ ಗೊತ್ತಾಗುತ್ತದೆ. ಚೀಟಿಯನ್ನು ಕಪ್ಪು ಕಾಗದದ ಮೇಲಿಟ್ಟು, ಒಂದು ತೂತಿನ ನಡುವಿನಿಂದ ಅದರ ಮುಂದಿನ ಹತ್ತನೇ ತೂತಿನ ನಡುವಿನವರೆಗೆ ಅಳೆಯಿರಿ. ಒಟ್ಟು ಹನ್ನೊಂದು ತೂತು, ಅವುಗಳ ನಡುವೆ ಹತ್ತು ಅಂತರ. 11½ ಹಲ್ಲಿನ ಚೀಟಿಯಲ್ಲಿ ಇದು ಸುಮಾರು 17.4 ಮಿಲಿಮೀಟರ್, 12½ರಲ್ಲಿ 16. ಒಂದೂವರೆ ಮಿಲಿಮೀಟರಿನಷ್ಟು ಅಂತರ ಕಣ್ಣಿಗೆ ಕಾಣುವಂಥದ್ದೇ. ನಾಲ್ಕೂ ಬದಿ ಅಳೆಯಿರಿ. ಒಂದು ಬದಿ ಮಾತ್ರ ಬೇರೆಯಾಗಿದ್ದು, ಚೀಟಿಯೂ ಆ ಕಡೆ ಚಿಕ್ಕದಾಗಿದ್ದರೆ, ಅಂಚು ಕತ್ತರಿಸಿ ಹೊಸ ಹಲ್ಲು ಹೊಡೆದಿದ್ದಾರೆಂದು ಅನುಮಾನಿಸಬೇಕು.

ಒಂದು ಎಚ್ಚರಿಕೆ. 1871ರಿಂದ ಬಂದ ಮುಂದಿನ ಸರಣಿಯಲ್ಲಿ 12½ ಹಲ್ಲಿನ ಅಸಲಿ ಚೀಟಿಗಳೂ ಇವೆ. ಆದ್ದರಿಂದ ಮೊದಲು ಚೀಟಿ ಯಾವುದೆಂದು ಗುರುತಿಸಿ, ಆಮೇಲೆ ಹಲ್ಲು ಎಣಿಸಿ.

ಹಂತ 2: ಕಾಗದ

ಮರುಮುದ್ರಣದ ಕಾಗದ ಬಿಳಿಯದು. ಹಾಗೆಂದು ಬಿಳುಪನ್ನಷ್ಟೇ ನಂಬಿ ತೀರ್ಪು ಕೊಡಲಾಗದು. ಟ್ರಂಕಿನ ಧೂಳು, ಹೊಗೆ ಅದನ್ನೂ ಹಳದಿಯಾಗಿಸುತ್ತವೆ.

ಈಚಿನ ನಕಲಿಗಳನ್ನು ಹಿಡಿಯಲು ನೀಲಿ ಬೆಳಕಿನ ಟಾರ್ಚ್ ಚೆನ್ನಾಗಿ ಒದಗುತ್ತದೆ. ಕತ್ತಲೆ ಕೋಣೆಯಲ್ಲಿ ಚೀಟಿಯ ಹಿಂಬದಿಗೆ ಬೆಳಕು ಬಿಡಿ. ಇಂದಿನ ಬಿಳಿ ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸುವುದರಿಂದ ಅದು ನೀಲಿ ಬಿಳುಪಾಗಿ ಉರಿದಂತೆ ಹೊಳೆಯುತ್ತದೆ. ಹತ್ತೊಂಬತ್ತನೇ ಶತಮಾನದ ಕಾಗದ ಮಂಕಾಗಿಯೇ ಇರುತ್ತದೆ. ಆದರೆ ಯಾರಾದರೂ ಸೋಪಿನ ಪುಡಿ ಹಾಕಿದ ನೀರಲ್ಲಿ ನೆನೆಸಿದ್ದರೆ ಅಸಲಿಯೂ ಹೊಳೆಯಬಹುದು. ಹಳೆಯ ಕಾಲದಲ್ಲೇ ಮಾಡಿದ ನಕಲಿಯಾಗಲಿ, 1880ರ ಮರುಮುದ್ರಣವಾಗಲಿ ಹೊಳೆಯದೆಯೇ ಪಾರಾಗುತ್ತವೆ.

ಹಂತ 3: ವಾಟರ್‌ಮಾರ್ಕ್

ಮೊದಲ ಮೂರು ಚೀಟಿಗಳ ಕಾಗದದಲ್ಲಿ ವಾಟರ್‌ಮಾರ್ಕ್ ಇಲ್ಲ, ಇದ್ದರೆ ಅದೇ ಅನುಮಾನಕ್ಕೆ ಕಾರಣ. ಇಪ್ಪತ್ತನೇ ಶತಮಾನದ ಆರಂಭದ ಚೀಟಿಗಳಲ್ಲಿ ಉರ್ದು ಅಕ್ಷರದ ವಾಟರ್‌ಮಾರ್ಕ್ ಬಂತು.

ಬಿಡಿ ಚೀಟಿಯನ್ನು ಮುಖ ಕೆಳಗಾಗಿ ಕಪ್ಪು ತಟ್ಟೆಯಲ್ಲಿಟ್ಟು, ಲೈಟರಿಗೆ ತುಂಬುವ ಪೆಟ್ರೋಲಿನ ಎರಡು ಮೂರು ಹನಿ ಬಿಡಿ. ವಾಟರ್‌ಮಾರ್ಕ್ ಇರುವಲ್ಲಿ ಕಾಗದ ತೆಳುವಾದ್ದರಿಂದ ಗುರುತು ಕಪ್ಪಗೆ ಎದ್ದು ಕಾಣುತ್ತದೆ, ಹನಿ ಆರಿದ ಮೇಲೆ ಮರೆಯಾಗುತ್ತದೆ. ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ಸೀಮೆಎಣ್ಣೆ ಬಳಸಿದರೆ ಜಿಡ್ಡು ಉಳಿದು ಚೀಟಿ ಕೆಡುತ್ತದೆ. ಕೆಲವು ಬಗೆಯ ಶಾಯಿ ಪೆಟ್ರೋಲಿಗೂ ಕರಗುತ್ತದೆ. ಯಾವ ಮುದ್ರಣವೆಂದು ತಿಳಿಯದಿದ್ದರೆ ಬೆಳಕಿಗೆ ಹಿಡಿದು ನೋಡುವುದೇ ಕ್ಷೇಮ.

ಗುರುತು ತಲೆಕೆಳಗಾಗಿದ್ದರೆ ಗಾಬರಿ ಬೇಡ, ಹಾಳೆಯನ್ನು ತಿರುಗಿಸಿ ಅಚ್ಚುಹಾಕಿದರೆ ಹಾಗಾಗುತ್ತದೆ. ಒಣಗಿದ ಚೀಟಿಯನ್ನು ಓರೆ ಬೆಳಕಿಗೆ ಹಿಡಿದಾಗ ಹಿಂಬದಿಯಲ್ಲಿ ಒತ್ತಿದ ಗೀರಾಗಿ ಕಂಡರೆ ಅಥವಾ ಜಿಡ್ಡಿನ ಕಲೆಯಾಗಿ ಉಳಿದರೆ, ಗುರುತನ್ನು ಆಮೇಲೆ ಮೂಡಿಸಿದ್ದಾರೆ.

ಹಂತ 4: ಮುದ್ರಣದ ರೀತಿ

ಮೊದಲ ಮೂರೂ ಚೀಟಿಗಳನ್ನು ಲೋಹದ ತಗಡಿನ ತಗ್ಗು ಗೆರೆಗಳಿಗೆ ಶಾಯಿ ತುಂಬಿ ಒತ್ತಿ ತೆಗೆಯಲಾಗಿತ್ತು. ಅಂಥ ಮುದ್ರಣದಲ್ಲಿ ಶಾಯಿ ಕಾಗದದ ಮೇಲೆ ಸಣ್ಣ ಏರಿಯಂತೆ ನಿಲ್ಲುತ್ತದೆ. ಚಾಕೊಲೇಟಿಗೆ ಸುತ್ತುವಂಥ ತೆಳು ಅಲ್ಯುಮಿನಿಯಂ ಹಾಳೆಯನ್ನು ಚೀಟಿಯ ಮುಖದ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ತೀಡಿದರೆ ಗೆರೆಗಳು ಹಾಳೆಯ ಮೇಲೆ ಮೂಡುತ್ತವೆ. ಚಪ್ಪಟೆ ಮುದ್ರಣದ ನಕಲಿಯಲ್ಲಿ ಏನೂ ಮೂಡುವುದಿಲ್ಲ. ಸವೆದ ಅಚ್ಚಿನಿಂದ ಬಂದ ಅಸಲಿಯಲ್ಲೂ ಗೆರೆ ಮಸುಕಾಗಿರಬಹುದು, ಹಾಗಾಗಿ ಭೂತಗನ್ನಡಿಯಿಂದಲೂ ನೋಡಿ. ಗೆರೆ ಚುಕ್ಕೆಗಳಾಗಿ ಒಡೆದಿದ್ದರೆ, ಅದರಲ್ಲೂ ಒಂದೇ ಬಣ್ಣದ ಚೀಟಿಯಲ್ಲಿ ಹಳದಿ, ಕೆಂಪು, ನೀಲಿ ಚುಕ್ಕೆಗಳು ಕಂಡರೆ, ಅದು ಸ್ಕ್ಯಾನ್ ಮಾಡಿ ತೆಗೆದ ಪ್ರಿಂಟು.

1870ರ ಅರ್ಧಾಣೆ, ಎರಡಾಣೆ ಚೀಟಿಗಳಿಗೆ ಇನ್ನೊಂದು ಪರೀಕ್ಷೆಯಿದೆ. ಇವುಗಳ ಅಚ್ಚನ್ನು ಸ್ಥಳೀಯವಾಗಿ ಕೈಯಿಂದ ಕೆತ್ತಿದ್ದರಿಂದ ಹಾಳೆಯ 240 ಚೀಟಿಗಳೂ ಒಂದರಿಂದೊಂದು ಚೂರು ಬೇರೆ. ಒಂದರಲ್ಲಿ ಗೆರೆ ಗಿಡ್ಡ, ಇನ್ನೊಂದರಲ್ಲಿ ಅಕ್ಷರ ಓರೆ. ನಕಲಿಗಾರನ ಹತ್ತಿರ ಸಾಮಾನ್ಯವಾಗಿ ಒಂದೇ ಮಾದರಿ. ಮಾರಾಟಕ್ಕೆ ಬಂದ ಐದಾರು ಚೀಟಿಗಳನ್ನು ಪಕ್ಕಪಕ್ಕ ಇಟ್ಟಾಗ ಎಲ್ಲದರಲ್ಲೂ ಅದೇ ಓರೆ, ಅದೇ ಗಿಡ್ಡ ಗೆರೆ ಕಂಡರೆ ಕೊಳ್ಳಬೇಡಿ. ಅಸಲಿ ಹಾಳೆಯಲ್ಲಿ ಒಂದು ಓರೆಗೆ ಒಂದೇ ಜಾಗ.

ತೀರ್ಮಾನ ಹೇಗೆ?

ಎರಡಾಣೆಯ ಚೀಟಿಯೊಂದು ನಿಮ್ಮ ಮುಂದಿದೆ ಎಂದುಕೊಳ್ಳಿ. ಬಣ್ಣ ಸೇಜ್ ಹಸಿರು, ಅಂದರೆ ಬೂದು ಬೆರೆತ ಹಸಿರು, ಅದು ಸರಿಯಾಗಿದೆ. ಶಾಯಿ ಎದ್ದು ನಿಂತಿದೆ, ಟಾರ್ಚಿಗೆ ಕಾಗದ ಹೊಳೆಯುವುದಿಲ್ಲ, ವಾಟರ್‌ಮಾರ್ಕ್ ಇಲ್ಲ. ಇಷ್ಟಕ್ಕೇ ನಿಂತರೆ ಅಸಲಿಯೆಂದು ದುಡ್ಡು ಕೊಡುತ್ತೀರಿ. ಹತ್ತು ಅಂತರ ಅಳೆದಾಗ 16 ಮಿಲಿಮೀಟರ್ ಬಂದರೆ ಅದು 1880ರ ಮರುಮುದ್ರಣ. 17.4ರ ಹತ್ತಿರ ಬಂದು, ನಾಲ್ಕೂ ಬದಿ ಒಂದೇ ಆಗಿದ್ದರೆ ಮಾತ್ರ ಅಸಲಿಯೆಂದು ನಂಬಲು ಆಧಾರವಿದೆ. ದೊಡ್ಡ ಮೊತ್ತದ ವ್ಯವಹಾರವಾದರೆ ಪರಿಣತರ ಪ್ರಮಾಣಪತ್ರ ಬಂದಮೇಲೆಯೇ ಹಣ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ.