ಜರುಗುತ್ತಲೇ ಹೋದ ಸ್ಟಾಪ್ ಲಾಸ್: ಒಂದು ಸ್ಟೇಟ್‌ಮೆಂಟ್‌ನಿಂದ ಕಲಿತ ಐದು ಪಾಠಗಳು

ಕನಕಪುರ ಸುತ್ತಿನ ಅಂಗಡಿಕಾರರ ತೆರಿಗೆ ಲೆಕ್ಕ ಬರೆಯುವುದು ನನ್ನ ಕಸುಬು. ಈಚೆಗೆ ಲೆಕ್ಕಪುಸ್ತಕದ ಜೊತೆ ಷೇರು ಖಾತೆಯ ಸ್ಟೇಟ್‌ಮೆಂಟೂ ಬರುತ್ತದೆ. ಸಾತನೂರಿನಲ್ಲಿ ಗೊಬ್ಬರದಂಗಡಿ ಇಟ್ಟಿರುವ ಯುವಕರೊಬ್ಬರು ಒಂದು ವರ್ಷದ ಕಾಗದ ತಂದು ಕೇಳಿದರು: "ಹತ್ತಕ್ಕೆ ಏಳು ಟ್ರೇಡ್ ಗೆದ್ದಿದ್ದೀನಿ ಸಾರ್, ಆದ್ರೂ ದುಡ್ಡೆಲ್ಲಿ ಹೋಯ್ತು?" ಉತ್ತರ ಆ ಕಾಗದಗಳಲ್ಲೇ ಇತ್ತು. ಇಲ್ಲಿನ ಅಂಕಿಗಳನ್ನು ದುಂಡಗೆ ಮಾಡಿ ಕೊಟ್ಟಿದ್ದೇನೆ.

1. ಗೆದ್ದ ಸಲಗಳನ್ನಲ್ಲ, ಸೋಲಿನ ಗಾತ್ರವನ್ನು ನೋಡಿ

ಒಟ್ಟು 60 ಟ್ರೇಡ್. ಅದರಲ್ಲಿ 42 ಲಾಭ, ಸರಾಸರಿ 2,500 ರೂಪಾಯಿಯಂತೆ 1,05,000. ಉಳಿದ 18 ನಷ್ಟಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದಾಗ ಅವು ಎರಡು ಗುಂಪಾದವು. ಹನ್ನೆರಡು ನಷ್ಟಗಳು ತಲಾ 4,000ದ ಆಸುಪಾಸಿನವು, ಒಟ್ಟು 48,000. ಆರು ಮಾತ್ರ ಸರಾಸರಿ 22,000ದವು, ಒಟ್ಟು 1,32,000. ಶುಲ್ಕ, ತೆರಿಗೆ ಸುಮಾರು 9,000 ಸೇರಿ ವರ್ಷದ ನಷ್ಟ 84,000. ಪ್ರತಿ ಟ್ರೇಡಿಗೂ 4,000ಕ್ಕಿಂತ ಹೆಚ್ಚು ಕಳೆಯಬಾರದೆಂದು ಅವರೇ ಗೆರೆ ಎಳೆದುಕೊಂಡಿದ್ದರು. ಆ ಗೆರೆ ದಾಟಿದ್ದು ಆರೇ ಸಲ.

2. ಜರುಗಿಸಿದ್ದು ಪಿ ಅಂಡ್ ಎಲ್‌ನಲ್ಲಿ ಕಾಣದು, ಲೆಡ್ಜರ್‌ನಲ್ಲಿ ಸಿಕ್ಕಿಬೀಳುತ್ತದೆ

ಕಾಂಟ್ರಾಕ್ಟ್ ನೋಟ್‌ನಲ್ಲಿ ಬರುವುದು ನಡೆದ ಕೊಳ್ಳುವಿಕೆ, ಮಾರಾಟ ಮಾತ್ರ. ಬದಲಿಸಿದ, ರದ್ದು ಮಾಡಿದ ಸ್ಟಾಪ್ ಆರ್ಡರ್ ಅಲ್ಲಿರುವುದಿಲ್ಲ. ಆದರೆ ಲೆಡ್ಜರ್‌ನಲ್ಲಿ ಆ ಆರು ದಿನಗಳಲ್ಲೂ ಮಧ್ಯಾಹ್ನದ ಮೇಲೆ ಅಂಗಡಿ ಖಾತೆಯಿಂದ ಹಣ ಬಂದಿತ್ತು.

ಒಂದನ್ನು ಬಿಡಿಸಿ ನೋಡೋಣ. ಅಂದೇ ಮಾರುವ ಲೆಕ್ಕದಲ್ಲಿ 400 ರೂಪಾಯಿಯ 500 ಷೇರು ಕೊಂಡರು, ಮಾರ್ಜಿನ್ 40,000. ಸ್ಟಾಪ್ 392. ಬೆಲೆ 393ಕ್ಕೆ ಬಂದಾಗ ಸ್ಟಾಪನ್ನು 386ಕ್ಕೆ, ಆಮೇಲೆ 378ಕ್ಕೆ ಇಳಿಸಿದರು. ಮೂರು ಗಂಟೆಗೆ ಬೆಲೆ 380. ಇನ್ನು ಸ್ವಲ್ಪ ಹೊತ್ತಿಗೆ ಬ್ರೋಕರೇ ಮಾರಿಬಿಡುತ್ತಾನೆಂದು ಟ್ರೇಡನ್ನು ಡೆಲಿವರಿಗೆ ಬದಲಿಸಿದರು. ಅದಕ್ಕೆ ಪೂರ್ತಿ ಎರಡು ಲಕ್ಷ ಬೇಕು, ಹಾಗಾಗಿ ಗೊಬ್ಬರದ ಹಣದಿಂದ 1,60,000 ಬಂತು. ಅಂದಿನ ಸ್ಟಾಪ್ ಆರ್ಡರ್ ಸಂಜೆಗೇ ಮುಗಿಯಿತು. ಮರುದಿನಕ್ಕೆ ಹೊಸದನ್ನು ಹಾಕಲಿಲ್ಲ. ಷೇರು 368ಕ್ಕೆ ತೆರೆಯಿತು. ಕೊನೆಗೆ 352ಕ್ಕೆ ಮಾರಿದಾಗ 4,000ದ ನಷ್ಟ 24,000 ಆಗಿತ್ತು.

"ಷೇರೇನು ಕೊಳೆಯಲ್ಲವಲ್ಲ ಸಾರ್" ಎಂದರು. ಚಿಟ್ಟೆ ಗೂಡು ಕೊರೆಯುವ ಮೊದಲು ರಾಮನಗರದ ಮಾರುಕಟ್ಟೆಯಲ್ಲಿ ಸಿಕ್ಕ ಬೆಲೆಗೆ ಕೊಟ್ಟುಬಿಡಬೇಕೆಂಬುದು ರೇಷ್ಮೆ ಬೆಳೆವ ಊರಿನವರಿಗೆ ಗೊತ್ತು. ಷೇರಿಗೆ ಆ ಗಡುವಿಲ್ಲ; ಅದಕ್ಕೇ ಗಡುವನ್ನು ನಾವು ಹಾಕಿಕೊಳ್ಳಬೇಕು.

3. ಜರುಗಿಸಿ ಉಳಿದ ಟ್ರೇಡುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ

ಆ ಆರೂ 4,000ಕ್ಕೇ ನಿಂತಿದ್ದರೆ 24,000 ಲಾಭವಾಗುತ್ತಿತ್ತಲ್ಲ ಎಂದು ಅವರು ಗುಣಿಸಿದರು. ಆ ಲೆಕ್ಕ ಅರ್ಧ ಮಾತ್ರ ಸರಿ. ಸ್ಟಾಪ್ ಇಳಿಸಿದ ಮೇಲೆ ಬೆಲೆ ಏರಿ ಲಾಭವಾದದ್ದೂ ಐದು ಸಲ ಉಂಟೆಂದು ಅವರೇ ನೆನಪಿಸಿಕೊಂಡರು. ಚಟ ಹತ್ತಿಸಿದ್ದು ಆ ಐದೇ. ನಿಯಮ ಪಾಲಿಸಿದ್ದರೆ ಅವೂ ನಷ್ಟವೇ. ಆಗ 37 ಲಾಭಕ್ಕೆ 92,500, 23 ನಷ್ಟಕ್ಕೆ 92,000. ಶುಲ್ಕ ಕಳೆದರೆ ಸುಮಾರು 8,500 ನಷ್ಟ. ಅಂದರೆ ಅವರ ವಿಧಾನದಲ್ಲೇ ಲಾಭವಿರಲಿಲ್ಲ. ಸ್ಟಾಪ್ ಅದನ್ನು 8,500ಕ್ಕೇ ತಿಳಿಸಿಬಿಡುತ್ತಿತ್ತು. ಜರುಗಿಸಿದ್ದರಿಂದ ತಿಳಿಯಲು 84,000 ಬೇಕಾಯಿತು.

4. ಡೆಲಿವರಿಗೆ ಬದಲಿಸಿದರೆ ತೆರಿಗೆಯ ದಾರಿಯೂ ಬದಲಾಗುತ್ತದೆ

ಅಂದೇ ಕೊಂಡು ಮಾರಿದ್ದು ಸಟ್ಟಾ ವ್ಯವಹಾರದ ಆದಾಯ. ಆ ಲೆಕ್ಕದಲ್ಲಿ ಇವರಿಗೆ ಲಾಭ 57,000. ಖರ್ಚು ಕಳೆದು ಉಳಿದದ್ದಕ್ಕೆ ತೆರಿಗೆ ಬೀಳುತ್ತದೆ. ಡೆಲಿವರಿ ತೆಗೆದುಕೊಂಡ ಆರನ್ನು ಹೂಡಿಕೆಯೆಂದು ತೋರಿಸಿದರೆ ಆ 1,32,000 ಅಲ್ಪಾವಧಿ ಬಂಡವಾಳ ನಷ್ಟ. ಬಂಡವಾಳ ನಷ್ಟವನ್ನು ವ್ಯಾಪಾರದ ಲಾಭದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಎಂಟು ವರ್ಷ ಮುಂದಕ್ಕೆ ಒಯ್ದು, ಮುಂದಿನ ಬಂಡವಾಳ ಲಾಭದಲ್ಲಿ ಮಾತ್ರ ಕಳೆಯಬಹುದು. ಒಟ್ಟಾರೆ ಸೋತ ವರ್ಷವೂ ತೆರಿಗೆ ಕಟ್ಟುವ ಸ್ಥಿತಿ ಬರುವುದು ಹೀಗೆ.

5. ಸ್ಟಾಪ್ ಲಾಭದ ದಿಕ್ಕಿಗೆ ಮಾತ್ರ ಜರುಗಲಿ

ಕೊಂಡ ಷೇರು 410ಕ್ಕೆ ಏರಿದಾಗ ಸ್ಟಾಪನ್ನು 392ರಿಂದ 402ಕ್ಕೆ ತರುವುದು ಸರಿ, ಕೆಳಗಿಳಿಸುವುದು ಸಲ್ಲ. 392 ತೀರಾ ಹತ್ತಿರ ಅನಿಸಿದರೆ ಕೊಳ್ಳುವ ಮೊದಲೇ ಸ್ಟಾಪ್ 384 ಇಟ್ಟು, 500ರ ಬದಲು 250 ಷೇರು ಕೊಳ್ಳಿ. ಆಗಲೂ ನಷ್ಟ 4,000ವೇ. ರಾತ್ರೋರಾತ್ರಿ ಬೆಲೆ ಕುಸಿದು ತೆರೆದರೆ ಸ್ಟಾಪ್ ಕೂಡ ಹೇಳಿದ ಬೆಲೆಗೆ ಮಾರಿಕೊಡಲಾರದು ಎಂಬುದು ನೆನಪಿರಲಿ.

ನಗದು ಮಾರುಕಟ್ಟೆಯಲ್ಲಿ ದಿನವಹಿ ವ್ಯಾಪಾರ ಮಾಡುವ ಹತ್ತು ಜನರಲ್ಲಿ ಏಳು ಮಂದಿ 2022-23ರಲ್ಲಿ ನಷ್ಟ ಕಂಡರೆಂದು ಸೆಬಿಯ 2024ರ ಅಧ್ಯಯನ ಹೇಳುತ್ತದೆ. ನೀವು ಯಾವ ಗುಂಪಿನವರೆಂದು ತಿಳಿಯಲು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಇಳಿಸಿಕೊಂಡು ನಷ್ಟಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮೇಲಿನ ಸಾಲುಗಳು ನಿಮ್ಮ ಮಿತಿಯನ್ನು ಬಹಳ ಮೀರಿದ್ದರೆ, ಹೊಸ ಟ್ರೇಡ್ ನಿಲ್ಲಿಸಿ ಆ ದಿನಗಳ ಲೆಡ್ಜರ್ ತೆರೆದು ನೋಡಿ.