ಒಂದೇ ಪಾಪು, ಎರಡು ಫ್ರೆಂಚ್ ಮೆಸೇಜ್

ನಮ್ಮ ಅಕ್ಕ ಬೆಂಗಳೂರಲ್ಲಿ ಕೆಲಸ ಮಾಡೋದು, ಅವಳ ಟೀಮ್‌ನ ಅರ್ಧ ಜನ ಫ್ರಾನ್ಸ್‌ನ ಲಿಯೋನ್‌ನಲ್ಲಿದ್ದಾರೆ. ಹೋದ ತಿಂಗಳು ಅಲ್ಲಿನ ಒಬ್ಬ ಕಲೀಗ್‌ಗೆ ಹೆಣ್ಣು ಮಗು ಆಯ್ತು. ಹೆಸರು ಲೂಯೀಝ್. ಅಕ್ಕನ ಫೋನಲ್ಲಿ ಒಂದು ರೆಡಿ ಮೆಸೇಜ್ ಇತ್ತು. ಅವಳು ಲಿಯೋನ್‌ನಲ್ಲಿದ್ದಾಗ ರೂಮ್‌ಮೇಟ್ ಆಗಿದ್ದ ಗೆಳತಿಗೆ ಪಾಪು ಹುಟ್ಟಿದಾಗ, ಯಾರನ್ನೋ ಕೇಳಿ ಬರೆಸಿ ಕಳಿಸಿದ್ದು. "ಹೆಸರು ಮಾತ್ರ ಚೇಂಜ್ ಮಾಡಿ ಇದನ್ನೇ ಕಳಿಸ್ಲಾ? ನೀನು ಫ್ರೆಂಚ್ ಕ್ಲಾಸ್‌ಗೆ ಹೋಗ್ತೀಯಲ್ಲ, ನೋಡು" ಅಂದ್ಲು.

ಆ ಹಳೇ ಮೆಸೇಜ್ ಹೀಗಿತ್ತು:

"ಫೆಲಿಸಿತಾಸ್ಯೋಂ ಆ ವೂ ದ್ಯೊ! ಜ ಸ್ವಿ ತ್ರೋ ಕೊಂತಾಂತ್ ಪೂರ್ ವೂ. ತಾ ಫೀಯ್ ಎತ್ ಆ ಕ್ರೊಕೆ! ರಪೋಝ್-ತ್ವಾ ಬ್ಯಾಂ. ಗ್ರೋ ಬಿಝೂ ಆ ವೂ ತ್ರ್ವಾ."

ಅಂದ್ರೆ: ನಿಮ್ಮಿಬ್ಬರಿಗೂ ಅಭಿನಂದನೆ, ನಂಗೆ ಸಿಕ್ಕಾಪಟ್ಟೆ ಖುಷಿ, ನಿನ್ನ ಮಗಳು ಕಚ್ಚಿ ತಿನ್ನೋ ಹಾಗಿದ್ದಾಳೆ, ನೀನು ಚೆನ್ನಾಗಿ ರೆಸ್ಟ್ ತಗೋ, ಮೂವರಿಗೂ ದೊಡ್ಡ ಮುತ್ತು. 'ತ್ರೋ' ಅಂದ್ರೆ ಪುಸ್ತಕದ ಪ್ರಕಾರ 'ಅತಿಯಾಗಿ'. ಆದ್ರೆ ಗೆಳೆಯರ ಮಾತಲ್ಲಿ ಅದು ನಮ್ಮ 'ಸಿಕ್ಕಾಪಟ್ಟೆ'. ಮಾತಾಡ್ತಿರೋದು ಹುಡುಗ ಆಗಿದ್ರೆ 'ಕೊಂತಾಂತ್' ಬದಲು 'ಕೊಂತಾಂ'.

ನಾನು ಮೊದಲು ತಪ್ಪು ತಿಳ್ಕೊಂಡಿದ್ದು ಇಲ್ಲೇ. ಕ್ಲಾಸಲ್ಲಿ 'ತು' ಅಂದ್ರೆ ನೀನು, 'ವೂ' ಅಂದ್ರೆ ನೀವು, ಫ್ರೆಂಡ್ಸ್‌ಗೆ ತು ಅಂತ ಕಲಿಸಿದ್ರು. ಹಾಗಿದ್ರೆ ಇಷ್ಟು ಕ್ಲೋಸ್ ಗೆಳತಿಗೆ ಬರೆದ ಮೆಸೇಜಲ್ಲಿ ಮೂರು ಕಡೆ 'ವೂ' ಯಾಕೆ? ಇಂಗ್ಲಿಷಲ್ಲಿ ಯೋಚಿಸಿದ್ರೆ ಗೊತ್ತಾಗಲ್ಲ, ಅಲ್ಲಿ ಇರೋದೇ ಒಂದು 'ಯು'. ಕನ್ನಡದಲ್ಲಿ ಹೇಳಿ ನೋಡಿದಾಗ ತಕ್ಷಣ ಹೊಳೀತು. ನಾವೂ "ನಿಮ್ಮಿಬ್ಬರಿಗೂ ಕಂಗ್ರಾಟ್ಸ್, ನೀನು ರೆಸ್ಟ್ ತಗೋ ಕಣೇ" ಅಂತೀವಲ್ಲ. ಮಗು ಇಬ್ಬರದ್ದು, ಆದ್ದರಿಂದ ಆ 'ವೂ' ಗೌರವದ್ದಲ್ಲ, ಬಹುವಚನದ್ದು. ಸಲಿಗೆ ಎಷ್ಟಿದೆ ಅನ್ನೋದು ಗೊತ್ತಾಗೋದು ಒಬ್ಬಳಿಗೇ ಹೇಳೋ ಮಾತಲ್ಲಿ: 'ತಾ ಫೀಯ್' ಅಂದ್ರೆ ನಿನ್ನ ಮಗಳು, 'ರಪೋಝ್-ತ್ವಾ' ಅಂದ್ರೆ ನೀನು ರೆಸ್ಟ್ ತಗೋ.

ಕಲೀಗ್‌ಗೆ ಇದನ್ನ ಕಳಿಸೋಕಾಗಲ್ಲ. ಫ್ರಾನ್ಸ್‌ನಲ್ಲಿ ಒಂದೇ ಟೀಮ್‌ನವರು ಎಷ್ಟೋ ಕಡೆ ಒಬ್ಬರಿಗೊಬ್ಬರು ತು ಅಂತಾರೆ, ಅದು ನಿಜ. ಆದ್ರೆ ಅಕ್ಕ ಮತ್ತು ಅವರು ಇಷ್ಟು ದಿನ ಮಾತಾಡಿದ್ದು ಬರೀ ಇಂಗ್ಲಿಷಲ್ಲಿ. ತು ಅನ್ಬೇಕಾ, ವೂ ಅನ್ಬೇಕಾ ಅನ್ನೋದು ಅವರಿಬ್ಬರ ಮಧ್ಯೆ ಇನ್ನೂ ತೀರ್ಮಾನವೇ ಆಗಿಲ್ಲ. ಅಂಥಾ ಕಡೆ ವೂ ಇಂದ ಶುರು ಮಾಡೋದೇ ಸೇಫ್. ಇನ್ನು 'ಬಿಝೂ', ಅಂದ್ರೆ ಮುತ್ತು, ಆಫೀಸಿನ ಕಾರ್ಡಲ್ಲಿ ಬೇಡವೇ ಬೇಡ.

ನಾನು ಹೊಸದಾಗಿ ಒಂದು ಡ್ರಾಫ್ಟ್ ಬರೆದೆ. ಅದನ್ನ ನಮ್ಮ ಫ್ರೆಂಚ್ ಮೇಡಂಗೆ ತೋರಿಸಿದಾಗ ಮೂರು ಕಡೆ ಕೆಂಪು ಗೆರೆ ಬಿತ್ತು.

"ನಿಮಗೂ ನಿಮ್ಮ ಹೆಂಡತಿಗೂ" ಅಂತ ಬರೆದಿದ್ದೆ. ಫ್ರಾನ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಅಪ್ಪ-ಅಮ್ಮ ಮದುವೆ ಆಗಿರಲ್ಲ, ಹಾಗಾಗಿ 'ಹೆಂಡತಿ' ಅಂತ ಊಹೆ ಮಾಡಬಾರದು. 'ಆ ವೂ ದ್ಯೊ', ನಿಮ್ಮಿಬ್ಬರಿಗೂ, ಅಂದ್ರೆ ಸಾಕು. ಆಮೇಲೆ ಪುಟ್ಟ ಹುಡುಗಿ ಅನ್ನೋಕೆ 'ಪೆತೀತ್ ಫೀಯ್' ಬರೆಯುವಾಗ ಮಧ್ಯ ಒಂದು ಹೈಫನ್ ಹಾಕಿದ್ದೆ. ಹೈಫನ್ ಇದ್ರೆ ಅರ್ಥ ಮೊಮ್ಮಗಳು! ಉಚ್ಚಾರದಲ್ಲಿ ವ್ಯತ್ಯಾಸವೇ ಇಲ್ಲ, ಬರವಣಿಗೆಯಲ್ಲಿ ಮಾತ್ರ ಒಬ್ಬ ಅಪ್ಪ ತಾತ ಆಗ್ಬಿಡ್ತಾನೆ. ಮೂರನೇದು, ಇಂಗ್ಲಿಷಿನ 'ಎಕ್ಸೈಟೆಡ್' ಅನ್ನ 'ಎಕ್ಸಿತೆ' ಮಾಡಿದ್ದೆ. ಮೇಡಂ ನಕ್ಕು, ದೊಡ್ಡವರ ಬಾಯಲ್ಲಿ ಅದಕ್ಕೆ ಬೇರೆ ಥರದ ಅರ್ಥ ಬರಬಹುದು, ಹೊಡೆದುಹಾಕು ಅಂದ್ರು. ಗೆಳತಿಗಾದ್ರೆ 'ಜೆ ಆತ್ ದ ಲಾ ವ್ವಾರ್', ಅವಳನ್ನ ನೋಡೋಕೆ ಕಾಯ್ತಿದ್ದೀನಿ, ಅನ್ನಬಹುದು. ಕಲೀಗ್‌ಗೆ ಅದೂ ಬೇಡ, ನಮ್ಮನ್ನ ಮನೆಗೆ ಕರೀರಿ ಅಂದಂಗಾಗುತ್ತೆ.

ಕೊನೆಗೆ ಹೋಗಿದ್ದು ಇದು:

"ತೂತ್ ಮೆ ಫೆಲಿಸಿತಾಸ್ಯೋಂ ಆ ವೂ ದ್ಯೊ ಪೂರ್ ಲಾ ನೆಸಾಂಸ್ ದ ಲೂಯೀಝ್. ಜ ವೂ ಸ್ವೆತ್ ಬೋಕೂ ದ ಬೊನರ್ ಆ ತೂ ಲೆ ತ್ರ್ವಾ. ಪ್ರೊಫಿತೆ ಬ್ಯಾಂ ದ ಸೆ ಪ್ರಮ್ಯೆ ಮೊಮಾಂ."

ಲೂಯೀಝ್ ಹುಟ್ಟಿದ್ದಕ್ಕೆ ನಿಮ್ಮಿಬ್ಬರಿಗೂ ಹಾರ್ದಿಕ ಅಭಿನಂದನೆ, ಮೂವರಿಗೂ ತುಂಬಾ ಸಂತೋಷ ಸಿಗಲಿ, ಈ ಮೊದಲ ದಿನಗಳನ್ನ ಚೆನ್ನಾಗಿ ಅನುಭವಿಸಿ. ಮಗು ಹೇಗಿದೆ, ರಾತ್ರಿ ನಿದ್ದೆ ಮಾಡುತ್ತಾ ಅನ್ನೋ ಪ್ರಶ್ನೆಗಳಿಲ್ಲ, ಆಫೀಸ್ ಸುದ್ದಿಯೂ ಇಲ್ಲ. ಅಲ್ಲಿ ಅಪ್ಪಂದಿರಿಗೂ 2021ರ ಜುಲೈಯಿಂದ ಒಟ್ಟು 28 ದಿನ ರಜೆ ಸಿಗುತ್ತೆ. ಅಷ್ಟರಲ್ಲಿ "ಯಾವಾಗ ವಾಪಸ್?" ಅಂತ ಕೇಳೋದು ಚೆನ್ನಾಗಿರಲ್ಲ. ಇಷ್ಟು ಫಾರ್ಮಲ್ ಆಗಿದ್ರೂ ಇದು ಒಣ ಮೆಸೇಜ್ ಅನ್ಸಲ್ಲ, ಪಾಪು ಹೆಸರು ಇದೆ ಅದಕ್ಕೇ.

ಎರಡು ದಿನ ಬಿಟ್ಟು ಉತ್ತರ ಬಂತು, ಫೋಟೋ ಸಮೇತ. ಕೊನೇ ಸಾಲು "ಮೆರ್ಸಿ ಆ ತ್ವಾ". ತ್ವಾ ಅಂದ್ರೆ ನಿನಗೆ. ಅವರೇ ತು ಶುರು ಮಾಡಿದ್ರು, ಈಗ ಅಕ್ಕನೂ ತು ಅನ್ನಬಹುದು.